ಡಿಎಂಎಫ್‌ನ ಎರಡು ಮಿಥೈಲ್ ಪೀಕ್‌ಗಳು ಮತ್ತು ನೀಲಿಗೆ ತಿರುಗಿದ ಲಿಟ್ಮಸ್

ಪ್ರಶ್ನೆ: ಗದಗಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಡಿಎಂಎಫ್‌ನಲ್ಲಿ ಎರಡೂ ಮಿಥೈಲ್‌ಗಳು ಒಂದೇ ಸಾರಜನಕದ ಮೇಲಿದ್ದರೂ ಎನ್‌ಎಂಆರ್‌ನಲ್ಲಿ ಎರಡು ಪೀಕ್ ಬರುತ್ತವೆ. ಆ ಸಾರಜನಕದ ಮೇಲೆ ಒಂಟಿ ಜೋಡಿ ಇದ್ದರೂ ಅದು ಅಮೈನಿನಂತೆ ಪ್ರತ್ಯಾಮ್ಲವಲ್ಲ. ಎರಡಕ್ಕೂ ‘ರೆಸೊನೆನ್ಸ್’ ಎಂದು ಬರೆದರೆ ಸಾಕೇ? ಹಾಗಾದರೆ ನಮ್ಮ ಲ್ಯಾಬಿನ ಡಿಎಂಎಫ್ ಕೆಂಪು ಲಿಟ್ಮಸ್ಸನ್ನು ನೀಲಿ ಮಾಡಿದ್ದೇಕೆ?

ಉತ್ತರ: ಎರಡಕ್ಕೂ ಕಾರಣ ಒಂದೇ ಎನ್ನುವುದು ಸರಿ, ಆದರೆ ಆ ಒಂದು ಪದ ಬರೆದು ನಿಲ್ಲಿಸಿದರೆ ಸಾಲದು. ಧಾರವಾಡದಲ್ಲಿ ಸಾವಯವ ರಸಾಯನಶಾಸ್ತ್ರ ಕಲಿಸುವ ನಾನು ಉತ್ತರಪತ್ರಿಕೆಗಳಲ್ಲಿ ‘ಅನುರಣನದಿಂದಾಗಿ’ ಎಂಬ ಮಾತನ್ನು ಪ್ರತಿವರ್ಷ ಓದುತ್ತೇನೆ; ಎಷ್ಟು ಅನುರಣನ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಮಾತ್ರ ಮೌನವೇ ಉತ್ತರ. ನೀವು ಕಂಡ ಎರಡು ಪೀಕ್‌ಗಳಿಂದಲೇ ಆ ‘ಎಷ್ಟು’ ಎಂಬುದನ್ನು ಅಳೆಯಬಹುದು. ಹಾಗೆ ಅಳೆದ ಅಂಕಿಯನ್ನೇ ಹಿಡಿದು ಡಿಎಂಎಫ್ ಏಕೆ ಪ್ರತ್ಯಾಮ್ಲವಲ್ಲ ಎಂಬುದನ್ನೂ ಲೆಕ್ಕ ಹಾಕಬಹುದು.

ಮೊದಲು ಅಣುವಿನ ಆಕಾರವನ್ನು ನೋಡೋಣ. ಅಮೈನಿನ ಸಾರಜನಕವು ಚಪ್ಪಟೆಯಲ್ಲ. ಮೂರು ಬಂಧಗಳು ಕೆಳಗೆ ಚಾಚಿಕೊಂಡು ಒಂಟಿ ಜೋಡಿ ಮೇಲೆ ನಿಂತಿರುವ ಗೋಪುರದಂತಹ ರಚನೆ ಅದರದು. ಡಿಎಂಎಫ್‌ನಲ್ಲಿ, ಅಂದರೆ HCON(CH3)2 ಅಣುವಿನಲ್ಲಿ, ಪಕ್ಕದಲ್ಲೇ ಕಾರ್ಬೊನಿಲ್ ಇದೆ. ಸಾರಜನಕವು ಚಪ್ಪಟೆಯಾಗಿ ತನ್ನ ಜೋಡಿಯನ್ನು ಪಿ-ಆರ್ಬಿಟಲ್‌ನಲ್ಲಿ ಇಟ್ಟುಕೊಂಡರೆ ಆ ಜೋಡಿ ಕಾರ್ಬೊನಿಲ್‌ನ ಖಾಲಿ ಪೈ-ಆರ್ಬಿಟಲ್‌ನೊಳಗೆ ಹರಡಿಕೊಳ್ಳಬಹುದು. ಇದು ಸಾಧ್ಯವಾಗಬೇಕಾದರೆ ಎರಡು ಆರ್ಬಿಟಲ್‌ಗಳೂ ಸಮಾಂತರವಾಗಿರಬೇಕು. ಆದ್ದರಿಂದ ಆಮ್ಲಜನಕ, ಕಾರ್ಬೊನಿಲ್ ಇಂಗಾಲ, ಅದರ ಹೈಡ್ರೋಜನ್, ಸಾರಜನಕ ಮತ್ತು ಎರಡು ಮಿಥೈಲ್ ಇಂಗಾಲಗಳು, ಈ ಆರೂ ಒಂದೇ ಸಮತಲದಲ್ಲಿ ಕುಳಿತುಕೊಳ್ಳುತ್ತವೆ. ಬಂಧದ ಉದ್ದದಲ್ಲಿಯೂ ಇದರ ಗುರುತು ಸಿಗುತ್ತದೆ: ಸಾಮಾನ್ಯ ಅಮೈನಿನಲ್ಲಿ ಇಂಗಾಲ–ಸಾರಜನಕ ಏಕಬಂಧ ಸುಮಾರು 1.47 ಆಂಗ್‌ಸ್ಟ್ರಾಮ್, ದ್ವಿಬಂಧ ಸುಮಾರು 1.28, ಡಿಎಂಎಫ್‌ನಂತಹ ಅಮೈಡಿನಲ್ಲಿ ಅದು ಸುಮಾರು 1.34. ನಾವು ಕಾಗದದ ಮೇಲೆ ಎರಡು ರಚನೆಗಳನ್ನು ಬರೆದು ನಡುವೆ ಎರಡು ಮೊನೆಯ ಬಾಣ ಹಾಕುವುದರಿಂದ ಅಣು ಒಮ್ಮೆ ಇದು, ಒಮ್ಮೆ ಅದು ಎಂದು ಬದಲಾಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಹಾಗೇನಿಲ್ಲ; ಅಣು ಯಾವಾಗಲೂ ಆ ಎರಡರ ನಡುವಿನ ಒಂದೇ ರೂಪದಲ್ಲಿ ಇರುತ್ತದೆ.

ಅರ್ಧ ದ್ವಿಬಂಧದಂತಿರುವ ಈ ಬಂಧವು ಸಲೀಸಾಗಿ ತಿರುಗುವುದಿಲ್ಲ. ಹೀಗಾಗಿ ಒಂದು ಮಿಥೈಲ್ ಆಮ್ಲಜನಕದ ಮಗ್ಗುಲಿಗೂ ಇನ್ನೊಂದು ಹೈಡ್ರೋಜನ್‌ನ ಮಗ್ಗುಲಿಗೂ ಉಳಿದುಬಿಡುತ್ತದೆ. ಮಧ್ಯಾಹ್ನದ ಹುಬ್ಬಳ್ಳಿ–ಧಾರವಾಡ ಬಸ್ಸಿನಲ್ಲಿ ಒಬ್ಬರು ಬಿಸಿಲಿನ ಕಡೆಯ ಕಿಟಕಿಗೆ, ಇನ್ನೊಬ್ಬರು ನೆರಳಿನ ಕಡೆಗೆ ಕುಳಿತಿದ್ದಾರೆ ಎನ್ನಿ. ಐದು ನಿಮಿಷಕ್ಕೊಮ್ಮೆ ಜಾಗ ಬದಲಿಸಿದರೆ, ಯಾವ ಕ್ಷಣದಲ್ಲಿ ಕೇಳಿದರೂ ಒಬ್ಬರಿಗೆ ಸೆಕೆ, ಒಬ್ಬರಿಗೆ ತಂಪು. ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸಲ ಬದಲಿಸಿದರೆ ಇಬ್ಬರಿಗೂ ಒಂದೇ ಹದ. ಎನ್‌ಎಂಆರ್ ಕೇಳುವುದೂ ಇಂಥದೇ ಪ್ರಶ್ನೆ. ಕೋಣೆಯ ಉಷ್ಣತೆಯಲ್ಲಿ ಡ್ಯೂಟರೀಕರಿಸಿದ ಡಿಎಂಎಸ್‌ಒದಲ್ಲಿ ಡಿಎಂಎಫ್‌ನ ಮಿಥೈಲ್‌ಗಳು 2.73 ಮತ್ತು 2.89 ಪಿಪಿಎಂ ಹತ್ತಿರ ಬೇರೆಬೇರೆಯಾಗಿ ಕಾಣಿಸುತ್ತವೆ. ಬಿಸಿ ಮಾಡುತ್ತ ಹೋದಂತೆ ಅವು ಅಗಲವಾಗಿ, ಹತ್ತಿರ ಸರಿದು, ಕೊನೆಗೆ ಒಂದೇ ದಿಬ್ಬವಾಗಿ ಕೂಡುತ್ತವೆ. ಈ ಕೂಡುವಿಕೆಗೆ ಕೋಅಲೆಸೆನ್ಸ್ ಎನ್ನುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಹಳೆಯ 60 ಮೆಗಾಹರ್ಟ್ಸ್ ಉಪಕರಣದಲ್ಲಿ 0.16 ಪಿಪಿಎಂ ಅಂತರವೆಂದರೆ ಸುಮಾರು 9.6 ಹರ್ಟ್ಸ್. ಕೂಡುವ ಬಿಂದುವಿನಲ್ಲಿ ತಿರುಗುವಿಕೆಯ ವೇಗ k = πΔν/√2, ಅಂದರೆ ಸೆಕೆಂಡಿಗೆ ಸುಮಾರು 21 ಸಲ. ಕೂಡುವಿಕೆ ನಡೆಯುವುದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 393 ಕೆಲ್ವಿನ್‌ನಲ್ಲಿ. ಈ ಎರಡನ್ನೂ ΔG‡ = RT ln(kBT/hk) ಎಂಬ ಸಮೀಕರಣಕ್ಕೆ ಹಾಕಿದರೆ ತಿರುಗುವಿಕೆಗೆ ಇರುವ ತಡೆ ಮೋಲಿಗೆ ಸುಮಾರು 87 ಕಿಲೋಜೂಲ್ ಎಂದು ಬರುತ್ತದೆ. ಈಥೇನಿನ ಏಕಬಂಧಕ್ಕೆ ಇರುವ ತಡೆ ಕೇವಲ 12 ಕಿಲೋಜೂಲ್; ಎಥಿಲೀನಿನ ದ್ವಿಬಂಧವನ್ನು ತಿರುಚಲು 270ರ ಆಸುಪಾಸು ಬೇಕು. ಅಮೈಡ್ ಇವೆರಡರ ನಡುವೆ ನಿಲ್ಲುತ್ತದೆ. ಇದೇ 87ನ್ನು 25 ಡಿಗ್ರಿಗೆ ಅನ್ವಯಿಸಿದರೆ ವೇಗ ಸೆಕೆಂಡಿಗೆ ಸುಮಾರು 0.003 ಆಗುತ್ತದೆ, ಅಂದರೆ ಸರಾಸರಿ ಒಂದು ಅಣು ಐದಾರು ನಿಮಿಷಕ್ಕೆ ಒಮ್ಮೆ ಮಾತ್ರ ತಿರುಗುತ್ತದೆ. ಬಸ್ಸಿನ ಉದಾಹರಣೆಯಲ್ಲಿ ಐದು ನಿಮಿಷ ಎಂದದ್ದು ಈ ಕಾರಣಕ್ಕೇ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಜಾಗವೊಂದಿದೆ. ಕೂಡುವ ಉಷ್ಣತೆಯು ಅಣುವಿನ ಗುಣವಲ್ಲ, ಉಪಕರಣದ ಮೇಲೂ ಅವಲಂಬಿಸುತ್ತದೆ. 400 ಮೆಗಾಹರ್ಟ್ಸ್‌ನಲ್ಲಿ ಅದೇ 0.16 ಪಿಪಿಎಂ ಅಂತರ 64 ಹರ್ಟ್ಸ್ ಆಗುವುದರಿಂದ, ಅವು ಕೂಡಬೇಕಾದರೆ ಅಣು ಸೆಕೆಂಡಿಗೆ ಸುಮಾರು 140 ಸಲ ತಿರುಗಬೇಕು. ಅದಕ್ಕೆ 150 ಡಿಗ್ರಿಯಷ್ಟು ಬಿಸಿ ಬೇಕಾಗುತ್ತದೆ. ‘ಪುಸ್ತಕದಲ್ಲಿ 120 ಎಂದಿದೆ, ನಮ್ಮಲ್ಲಿ 120ಕ್ಕೆ ಕೂಡಲಿಲ್ಲ, ಉಪಕರಣ ಕೆಟ್ಟಿದೆ’ ಎಂದು ಬರೆದ ವರದಿಯೊಂದನ್ನು ನಾನು ತಿದ್ದಿದ್ದೇನೆ. ಉಪಕರಣ ಚೆನ್ನಾಗಿಯೇ ಇತ್ತು.

ಇನ್ನು ಪ್ರತ್ಯಾಮ್ಲದ ಮಾತು. ಸಾರಜನಕವು ಪ್ರೋಟಾನ್ ಹಿಡಿಯಬೇಕಾದರೆ ತನ್ನ ಒಂಟಿ ಜೋಡಿಯನ್ನು ಕಾರ್ಬೊನಿಲ್‌ನಿಂದ ಹಿಂದಕ್ಕೆ ಎಳೆದು ಪ್ರೋಟಾನಿಗೆ ಒಪ್ಪಿಸಬೇಕು. ಬಂಧ ತಿರುಗುವಾಗ ಕಳೆದುಕೊಳ್ಳುವುದನ್ನೇ ಇಲ್ಲಿಯೂ ಕಳೆದುಕೊಳ್ಳಬೇಕಾಗುತ್ತದೆ. ಬೆಲೆ ಹೆಚ್ಚುಕಡಿಮೆ ಅದೇ 87 ಕಿಲೋಜೂಲ್. ಕೋಣೆಯ ಉಷ್ಣತೆಯಲ್ಲಿ 5.7 ಕಿಲೋಜೂಲಿಗೆ ಪಿಕೆಎಯ ಒಂದು ಮೆಟ್ಟಿಲು. ಹಾಗಾಗಿ 87 ಎಂದರೆ ಸುಮಾರು 15 ಮೆಟ್ಟಿಲು. ಡೈಮಿಥೈಲಮೈನಿನ ಸಂಯುಗ್ಮ ಆಮ್ಲದ ಪಿಕೆಎ 10.7. ಅದರಿಂದ 15 ಕಳೆದರೆ ಮೈನಸ್ 4ಕ್ಕಿಂತ ಕೆಳಗೆ ಇಳಿಯುತ್ತೇವೆ. ಅದರ ಮೇಲೆ, ಅನುರಣನ ಮುರಿದ ನಂತರವೂ ಪಕ್ಕದ ಕಾರ್ಬೊನಿಲ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆಯುತ್ತಲೇ ಇರುತ್ತದೆ. ಅದನ್ನೂ ಸೇರಿಸಿದರೆ ಸಾರಜನಕದ ಮೇಲೆ ಪ್ರೋಟಾನ್ ಕುಳಿತ ಅಮೈಡಿಗೆ ಸಾಮಾನ್ಯವಾಗಿ ಅಂದಾಜಿಸುವ ಮೈನಸ್ 7, ಮೈನಸ್ 8ರ ಕಡೆಗೆ ಹೋಗುತ್ತೇವೆ. ಇದು ಒರಟು ಲೆಕ್ಕ ಎಂಬುದನ್ನು ಒಪ್ಪಿಕೊಳ್ಳಬೇಕು, ಏಕೆಂದರೆ ತಿರುಗುವಿಕೆಯ ತಡೆಯೂ ಅನುರಣನ ಶಕ್ತಿಯೂ ತದ್ರೂಪವಾಗಿ ಒಂದೇ ಅಲ್ಲ. ಆದರೂ ಎರಡು ಪೀಕ್‌ಗಳ ಅಂತರದಿಂದ ಹೊರಟು ಇಲ್ಲಿಯವರೆಗೆ ಬರಲು ಸಾಧ್ಯವಾಯಿತಲ್ಲ, ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದೇ.

ನಿಜವಾಗಿ ಬಲವಾದ ಆಮ್ಲದಲ್ಲಿ ಪ್ರೋಟಾನ್ ಹೋಗಿ ಕೂರುವುದು ಆಮ್ಲಜನಕದ ಮೇಲೆ. ಆಮ್ಲಜನಕದ ಒಂಟಿ ಜೋಡಿಗಳು ಅಣುವಿನ ಸಮತಲದಲ್ಲಿಯೇ ಇರುವುದರಿಂದ ಅಲ್ಲಿ ಪ್ರೋಟಾನ್ ಸೇರಿದರೆ ಸಾರಜನಕದ ಹರಡುವಿಕೆ ಕೆಡುವುದಿಲ್ಲ, ಇನ್ನಷ್ಟು ಬಲವಾಗುತ್ತದೆ. ಪರೀಕ್ಷೆಯೂ ಸರಳ: ಸಾಂದ್ರ ಆಮ್ಲದಲ್ಲಿಯೂ ಎರಡು ಮಿಥೈಲ್ ಪೀಕ್‌ಗಳು ಉಳಿಯುತ್ತವೆ, ಸಾರಜನಕದ ಮೇಲೆ ಪ್ರೋಟಾನ್ ಕೂತಿದ್ದರೆ ಬಂಧ ಸರಾಗವಾಗಿ ತಿರುಗಿ ಎರಡೂ ಒಂದಾಗಬೇಕಿತ್ತು. ಹೀಗೆ ಆಮ್ಲಜನಕದ ಮೇಲೆ ಪ್ರೋಟಾನ್ ಪಡೆದ ಡಿಎಂಎಫ್‌ನ ಪಿಕೆಎ ಸೊನ್ನೆಯ ಆಸುಪಾಸಿನಲ್ಲಿದೆ. ಹಾಗಾಗಿ ಪಿಎಚ್ 7ರ ನೀರಿನಲ್ಲಿ ಕೋಟಿಗೆ ಒಂದು ಅಣು ಮಾತ್ರ ಪ್ರೋಟಾನ್ ಹಿಡಿದಿರುತ್ತದೆ. ಅಮೈಡ್ ತಟಸ್ಥ ಎಂಬ ಮಾತಿನ ಅರ್ಥ ಇಷ್ಟೇ; ಪ್ರೋಟಾನನ್ನು ಎಂದಿಗೂ ಮುಟ್ಟುವುದಿಲ್ಲ ಎಂದಲ್ಲ.

ಈ ವಾದಕ್ಕೆ ವಿರುದ್ಧ ದಿಕ್ಕಿನಿಂದಲೂ ಸಾಕ್ಷಿ ಇದೆ. 2-ಕ್ವಿನುಕ್ಲಿಡೋನ್ ಎಂಬ ಅಮೈಡಿನಲ್ಲಿ ಸಾರಜನಕವು ಎರಡು ಉಂಗುರಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವುದರಿಂದ ಒಂಟಿ ಜೋಡಿಯು ಕಾರ್ಬೊನಿಲ್‌ನ ಪೈ-ಆರ್ಬಿಟಲ್‌ಗೆ ಅಡ್ಡವಾಗಿ ನಿಲ್ಲುತ್ತದೆ. ಅಣು ಬಯಸಿದರೂ ಚಪ್ಪಟೆಯಾಗಲಾರದು. 2006ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನ ಟಾನಿ ಮತ್ತು ಸ್ಟೋಲ್ಟ್ಜ್ ಇದನ್ನು ಟೆಟ್ರಾಫ್ಲೂರೊಬೋರೇಟ್ ಲವಣವಾಗಿ ತಯಾರಿಸಿದಾಗ ಪ್ರೋಟಾನ್ ಇದ್ದದ್ದು ಆಮ್ಲಜನಕದ ಮೇಲಲ್ಲ, ಸಾರಜನಕದ ಮೇಲೆ. ನೀರು ತಗುಲಿದರೆ ಅದು ಬೇಗನೆ ಒಡೆದೂಹೋಗುತ್ತದೆ. ಹೆಸರು ಅಮೈಡ್ ಎಂದಿದ್ದರೂ ಸಮತಲ ತಪ್ಪಿದೊಡನೆ ನಡತೆ ಅಮೈನಿನದಾಯಿತು.

ಕೊನೆಯದಾಗಿ ನಿಮ್ಮ ಬಾಟಲಿ. ನಮ್ಮಲ್ಲಿಯೂ ಒಮ್ಮೆ ಇದೇ ಆಯಿತು. ಡಿಎಂಎಫ್ ಅನ್ನು ಶುದ್ಧೀಕರಿಸಲೆಂದು ಸಾಮಾನ್ಯ ಒತ್ತಡದಲ್ಲಿಯೇ ಭಟ್ಟಿ ಇಳಿಸಿದ್ದರು. ಅದರ ಕುದಿಬಿಂದು 153 ಡಿಗ್ರಿ. ಆ ಬಿಸಿಯಲ್ಲಿ ಸ್ವಲ್ಪ ಭಾಗ ಒಡೆದು ಡೈಮಿಥೈಲಮೈನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಮಾನಾಕ್ಸೈಡ್ ಹಾರಿಹೋಗುತ್ತದೆ, ಅಮೈನಿನ ಒಂದಷ್ಟು ಭಾಗ ದ್ರವದಲ್ಲೇ ಉಳಿಯುತ್ತದೆ. ಎಷ್ಟು ಉಳಿದರೆ ಲಿಟ್ಮಸ್ ನೀಲಿಯಾಗಬಹುದು? ಸಾವಿರಕ್ಕೆ ಒಂದು ಪಾಲು ಎಂದಿಟ್ಟುಕೊಳ್ಳಿ. ಅಂತಹ ಡಿಎಂಎಫ್‌ನ 10 ಮಿಲಿಲೀಟರನ್ನು ನೀರು ಬೆರೆಸಿ 100 ಮಿಲಿಲೀಟರ್ ಮಾಡಿದರೆ ಅದರಲ್ಲಿ ಅಮೈನಿನ ಸಾಂದ್ರತೆ ಸುಮಾರು 0.002 ಮೋಲಾರ್, ಪಿಎಚ್ 11ಕ್ಕೆ ತೀರಾ ಹತ್ತಿರ. ಲಿಟ್ಮಸ್ಸಿಗೆ ಅಷ್ಟು ಧಾರಾಳವಾಗಿ ಸಾಕು. ತೇವಾಂಶದಿಂದ ಮಾತ್ರ ಒಡೆದಿದ್ದರೆ ಅಮೈನಿನ ಜೊತೆಗೆ ಅಷ್ಟೇ ಫಾರ್ಮಿಕ್ ಆಮ್ಲವೂ ಹುಟ್ಟಿ ಎರಡೂ ಸೇರಿ ಲವಣವಾಗುತ್ತಿದ್ದವು. ಆಗ ಲಿಟ್ಮಸ್ ಇಷ್ಟು ಸ್ಪಷ್ಟವಾಗಿ ನೀಲಿಯಾಗುತ್ತಿರಲಿಲ್ಲ. ಆದ್ದರಿಂದ ನಿಮ್ಮ ಲ್ಯಾಬಿನಲ್ಲಿ ಅದನ್ನು ಯಾರಾದರೂ ಕುದಿಸಿದ್ದರೇ, ಅಥವಾ ಒಣಗಿಸಲೆಂದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮೇಲೆ ಇಟ್ಟಿದ್ದರೇ ಎಂದು ವಿಚಾರಿಸಿ. ಎರಡನೆಯದು ಅನೇಕರು ಮಾಡುವ ತಪ್ಪು; ಆ ಹೈಡ್ರಾಕ್ಸೈಡ್ ಡಿಎಂಎಫ್ ಅನ್ನು ಒಣಗಿಸುವ ಬದಲು ಒಡೆಯುತ್ತದೆ.

ಖಚಿತಪಡಿಸಿಕೊಳ್ಳಲು ಒದ್ದೆ ಮಾಡಿದ ಕೆಂಪು ಲಿಟ್ಮಸ್ಸನ್ನು ಫ್ಯೂಮ್ ಹುಡ್‌ನೊಳಗೆ ಬಾಟಲಿಯ ಬಾಯಿಯ ಮೇಲೆ, ದ್ರವಕ್ಕೆ ತಾಗದಂತೆ ಹಿಡಿಯಿರಿ. ಆವಿಯಲ್ಲೇ ನೀಲಿಯಾದರೆ ಅದು ಅಮೈನಿನ ಕೆಲಸ. ಡೈಮಿಥೈಲಮೈನ್ 7 ಡಿಗ್ರಿಯಲ್ಲೇ ಕುದಿಯುವ ವಸ್ತುವಾದ್ದರಿಂದ ಸುಲಭವಾಗಿ ಮೇಲೇರುತ್ತದೆ. ಆ ಮೇಲೆ ದ್ರವದೊಳಗೆ ಸ್ವಲ್ಪ ಹೊತ್ತು ಸಾರಜನಕ ಅನಿಲವನ್ನು ಗುಳ್ಳೆಗುಳ್ಳೆಯಾಗಿ ಹಾಯಿಸಿ ಪುನಃ ನೋಡಿದರೆ ಬಣ್ಣ ಬದಲಾಗುವುದು ಮಂದವಾಗಬೇಕು. ಮೀನಿನ ವಾಸನೆ ಬರುತ್ತದೆಯೇ ಎಂದು ಮೂಸಿ ನೋಡಲು ಮಾತ್ರ ಹೋಗಬೇಡಿ. ಡಿಎಂಎಫ್ ಯಕೃತ್ತಿಗೆ ಹಾನಿಕರ, ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ. ಮುಂದಿನ ಸಲ ಭಟ್ಟಿ ಇಳಿಸುವುದಿದ್ದರೆ ಒತ್ತಡ ತಗ್ಗಿಸಿ ಇಳಿಸಿ, ಬಂದ ದ್ರವದ ಮೇಲೆ ಇದೇ ಲಿಟ್ಮಸ್ ಪರೀಕ್ಷೆ ಮಾಡಿ. ಕೆಂಪು ಕೆಂಪಾಗಿಯೇ ಉಳಿಯಬೇಕು.