ತರಕಾರಿ ಬುಟ್ಟಿಯ ಕ್ಯಾಪ್ಶನ್‌ನಲ್ಲಿ ದಿನವೇ ಮೊದಲು

"ಸಾವಯವ ತರಕಾರಿ ಬುಟ್ಟಿಗೆ ಇನ್‌ಸ್ಟಾಗ್ರಾಮ್ ಕ್ಯಾಪ್ಶನ್ ಬೇಕು. ಡೆಲಿವರಿ ದಿನ, ವಾಟ್ಸಾಪ್ ಆರ್ಡರ್ ಎರಡೂ ಹೇಗೆ ಬರೆಯಲಿ?"

ದಿನವನ್ನು ಮೊದಲ ಸಾಲಲ್ಲೇ ಹಾಕಿ, ಯಾಕಂದ್ರೆ ಉಳಿದದ್ದು ಮಡಚಿಕೊಂಡು ಒಳಗೆ ಹೋಗುತ್ತದೆ, ಒತ್ತಿ ನೋಡುವವರು ಕಡಿಮೆ. ಡೆಲಿವರಿ ದಿನಕ್ಕಿಂತ ಮುಖ್ಯವಾದದ್ದು ಆರ್ಡರ್ ತಗೊಳ್ಳೋದು ಯಾವಾಗ ನಿಲ್ಲುತ್ತದೆ ಅನ್ನೋದು. ಹಿಂದಿನ ದಿನ ಸಂಜೆ ಸೊಪ್ಪು ಕೊಯ್ಯುವುದಾದರೆ, ಎಷ್ಟು ಕಟ್ಟು ಬೇಕು ಅಂತ ಅದಕ್ಕೂ ಮೊದಲೇ ಗೊತ್ತಾಗಬೇಕು ಅಲ್ವಾ? ಕೊಯ್ದು ಉಳಿದ ಸೊಪ್ಪು ಮರುದಿನವೇ ಬಾಡುತ್ತದೆ.

ಹೀಗೆ ಬರೆಯಬಹುದು:

"ಸಾವಯವ ತರಕಾರಿ ಬುಟ್ಟಿ, ಪ್ರತಿ ಬುಧವಾರ ಮತ್ತು ಶನಿವಾರ ಬೆಳಿಗ್ಗೆ ನಿಮ್ಮ ಮನೆಗೆ. ಬುಧವಾರದ್ದಕ್ಕೆ ಸೋಮವಾರ ರಾತ್ರಿ 8ರೊಳಗೆ, ಶನಿವಾರದ್ದಕ್ಕೆ ಗುರುವಾರ ರಾತ್ರಿ 8ರೊಳಗೆ ವಾಟ್ಸಾಪ್ ಮಾಡಿ. ಹೆಸರು, ವಿಳಾಸ, ದಿನ, ಚಿಕ್ಕ ಬುಟ್ಟಿಯೋ ದೊಡ್ಡದೋ, ಇಷ್ಟು ಬರೆದರೆ ಸಾಕು. ಒಂದು ವಾರ ಬೇಡ ಅಂದ್ರೆ ಅದನ್ನೂ ಇದೇ ಸಮಯದೊಳಗೆ ತಿಳಿಸಿ."

ಕೊನೆಯ ಸಾಲು ಬಿಡಬೇಡಿ. ಅದಿಲ್ಲದಿದ್ದರೆ ಊರಿಗೆ ಹೋದವರ ಬಾಗಿಲಲ್ಲಿ ಬುಟ್ಟಿ ಸುಮ್ನೆ ಕೊಳೆಯುತ್ತದೆ, ದುಡ್ಡಿಗೆ ಜಗಳ ಬೇರೆ.

ಕ್ಯಾಪ್ಶನ್‌ನಲ್ಲಿ ಹಾಕಿದ ವಾಟ್ಸಾಪ್ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಅದನ್ನು ಪ್ರೊಫೈಲ್‌ನಲ್ಲಿ ಹಾಕಿ, `https://wa.me/` ಆದ ಮೇಲೆ ದೇಶದ ಕೋಡ್ ಸೇರಿಸಿ ನಂಬರ್, ಪ್ಲಸ್ ಚಿಹ್ನೆಯಾಗಲಿ ನಂಬರಿನ ಶುರುವಿನ ಸೊನ್ನೆಯಾಗಲಿ ಬೇಡ. ಬೇರೆಯವರ ಫೋನಿನಲ್ಲಿ ಒಮ್ಮೆ ಒತ್ತಿ ನೋಡಿ.