ಹಾಲ್ ಒಂದು, ಕಿತ್ತಾಟ ನೂರು

*ನಾನು ಅಂಕೋಲಾ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಗ್ಯಾದರಿಂಗ್‌ಗೆ ಇನ್ನು ಆರು ವಾರ. ನಾಟಕ 35 ನಿಮಿಷದ್ದು, ಏಳು ದೃಶ್ಯ, 22 ಮಕ್ಕಳು. ನನ್ನ ಜೊತೆ ಡ್ರಾಯಿಂಗ್ ಅಕ್ಕೋರು, ಪಿ.ಟಿ. ಮಾಸ್ತರು ಇಬ್ಬರೇ. ಹಾಲ್ ನಮಗೆ ಸಿಗುವುದು ಮಂಗಳವಾರ, ಶುಕ್ರವಾರ ಕೊನೆಯ ಎರಡು ಪೀರಿಯಡ್. ಉಳಿದ ದಿನ ಯಕ್ಷಗಾನ ಕ್ಲಾಸು. ನಾಲ್ಕನೇ ವಾರ ಕಿರು ಪರೀಕ್ಷೆ, ಆಗ ಯಾರಿಗೂ ಹಾಲ್ ಇಲ್ಲ. ಹೋದ ವರ್ಷ ಮೊದಲ ದೃಶ್ಯ ಚಂದ ಆಯ್ತು, ಕೊನೆಯದರಲ್ಲಿ ಮಕ್ಕಳು ಕಂಬದ ಹಾಗೆ ನಿಂತರು. ಒಂದು ಹುಡುಗಿ ಸ್ಟೇಜ್ ಮೇಲೇ ಅತ್ತಳು. ಹಾಲ್ ವಿಷಯಕ್ಕೆ ಯಕ್ಷಗಾನದ ಗುರುಗಳ ಹತ್ತಿರ ಜಗಳವೂ ಆಯ್ತು, ಈಗ ಎದುರು ಸಿಕ್ಕರೂ ಮಾತಿಲ್ಲ. ಈ ಸಲ ನನ್ನಿಂದ ಆಗುವುದಿಲ್ಲ ಎಂದು ಹೆಡ್ ಮಾಸ್ತರರಿಗೆ ಹೇಳಿಬಿಡಲಾ?*

ಅಕ್ಕೋರೇ, ಹೇಳುವ ಮೊದಲು ಒಂದು ಲೆಕ್ಕ ಹಾಕಿ. ಆರು ವಾರ ಅಂದರೆ ಹನ್ನೆರಡು ಸಲ ಹಾಲ್. ಪರೀಕ್ಷೆಯ ವಾರದ ಎರಡು ಹೋದರೆ ಹತ್ತು. ಎರಡು ಪೀರಿಯಡ್‌ನಲ್ಲಿ ಬೆಂಚು ಸರಿಸಿ, ಹಾಜರಿ ಹಾಕಿ, ಕೂಗಿ ಸುಮ್ಮನಾಗಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗುತ್ತದೆ. ಕೈಗೆ ಉಳಿಯುವುದು ಒಂದು ಗಂಟೆ. ಅಂದರೆ ನಿಮ್ಮ ಹತ್ತಿರ ಆರು ವಾರ ಇಲ್ಲ, ಹತ್ತು ಗಂಟೆ ಇದೆ. 35 ನಿಮಿಷದ ನಾಟಕಕ್ಕೆ ಹತ್ತು ಗಂಟೆ ಸಾಕು. ಆದರೆ ಆ ಗಂಟೆಗಳು ಎಲ್ಲಿ ಬೀಳುತ್ತವೆ ಅನ್ನುವುದರಲ್ಲೇ ಎಲ್ಲ ಇದೆ.

ಮೊದಲ ವಾರ ನಿಮಗೆ ಹಾಲ್ ಯಾಕೆ? ಮಕ್ಕಳು ಕುಳಿತು ನಾಟಕ ಓದಬೇಕು, ಯಾರಿಗೆ ಯಾವ ಪಾತ್ರ ಅಂತ ಆಗಬೇಕು. ಅದಕ್ಕೆ ಒಂಬತ್ತನೇ ಕ್ಲಾಸಿನ ಕೋಣೆ ಸಾಕು. ಹಾಲ್‌ನಲ್ಲಿ ಓದಿಸಿದರೆ ದನಿ ಕೇಳುವುದಿಲ್ಲ, ಅರ್ಧ ಮಕ್ಕಳು ಕಿಟಕಿಯಲ್ಲಿ ಇರುತ್ತಾರೆ. ಆದರೆ ಆರನೇ ವಾರ ದಿನಾ ಹಾಲ್ ಬೇಕು. ಹಾಗಾಗಿ ಗುರುಗಳ ಹತ್ತಿರ ಹೋಗಿ "ಹಾಲ್ ಬಿಟ್ಟುಕೊಡಿ" ಅನ್ನಬೇಡಿ, ಹೋದ ವರ್ಷ ಬಹುಶಃ ಹಾಗೇ ಕೇಳಿದ್ದೀರಿ. "ಗುರುಗಳೇ, ಈ ವಾರದ ಮಂಗಳವಾರ, ಶುಕ್ರವಾರ ನೀವೇ ಇಟ್ಟುಕೊಳ್ಳಿ. ಕೊನೆಯ ವಾರದ ಬುಧವಾರ, ಗುರುವಾರ ನನಗೆ ಕೊಡಿ" ಅನ್ನಿ. ಅವರಿಗೂ ಈಗ ಹೆಜ್ಜೆ ಕೂಡಿಸಲು ಜಾಗ ಬೇಕು. ಮಾತು ಆಗಿದ್ದನ್ನು ಅಲ್ಲೇ ಕ್ಯಾಲೆಂಡರ್ ಮೇಲೆ ಇಬ್ಬರೂ ಬರೆದಿಟ್ಟುಕೊಳ್ಳಿ. ಹಾಗೆಯೇ, ಓದಿಸುವ ಕೋಣೆ ಹಾಲ್‌ನಿಂದ ದೂರದ್ದಿರಲಿ. ಚೆಂಡೆಯ ಪಕ್ಕದಲ್ಲಿ ಕುಳಿತು ಮಾತು ಕಲಿತ ಮಕ್ಕಳು ಕಿರುಚಲು ಕಲಿಯುತ್ತಾರೆ, ನಾನು ಕಂಡಿದ್ದೇನೆ.

ಈಗ ನಿಮ್ಮ ಹತ್ತು ಗಂಟೆ ಹೀಗಾಯ್ತು: ಎರಡನೇ ವಾರ ಎರಡು, ಮೂರನೇ ವಾರ ಎರಡು, ಐದನೇ ವಾರ ಎರಡು, ಕೊನೆಯ ವಾರ ನಾಲ್ಕು.

ಹಾಲ್‌ಗೆ ಕಾಲಿಡುವ ಮೊದಲು ಒಂದು ಡ್ರಾಯಿಂಗ್ ಶೀಟ್ ತೆಗೆದುಕೊಳ್ಳಿ. ಎಡಕ್ಕೆ 22 ಹೆಸರು, ಮೇಲೆ ಏಳು ದೃಶ್ಯ. ಯಾರು ಎಲ್ಲಿ ಬರುತ್ತಾರೋ ಅಲ್ಲಿ ಒಂದು ಗುರುತು. ಬೇಗ ಬಸ್ ಹಿಡಿಯುವ ಮಕ್ಕಳ ಹೆಸರಿಗೆ ಕೆಂಪು ಬಣ್ಣ. ಇದನ್ನು ನೋಡಿದ ಕೂಡಲೇ ಎರಡು ವಿಷಯ ಹೊಳೆಯುತ್ತವೆ. ಒಂದು, ಹೆಚ್ಚಿನ ದೃಶ್ಯಕ್ಕೆ ನಾಲ್ಕೈದು ಮಕ್ಕಳು ಸಾಕು, 22 ಜನರನ್ನು ಸುಮ್ನೆ ಕೂರಿಸಿಕೊಳ್ಳುವುದು ಬೇಡ. ಎರಡು, ಕೆಂಪು ಹೆಸರುಗಳು ಇರುವ ದೃಶ್ಯವನ್ನು ಆ ದಿನ ಮೊದಲು ಮಾಡಿಸಬೇಕು. ಗುಂಪಿನ ದೃಶ್ಯ ಯಾವುದು ಅಂತಲೂ ಕಾಣುತ್ತದೆ. ಅದಕ್ಕೆ ಒಂದು ಗಂಟೆ ಪೂರ್ತಿ ಇಡಿ. ಉಳಿದ ಆರು ದೃಶ್ಯ ದಿನಕ್ಕೆರಡರಂತೆ ಮೂರು ಗಂಟೆಯಲ್ಲಿ ಆಗುತ್ತದೆ. ಎಲ್ಲಿಂದ ಬರಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿಂದ ಹೋಗಬೇಕು, ಅಷ್ಟೇ. ಅಭಿನಯ ತಿದ್ದಲು ಹೋದಿರೋ, ಒಂದೇ ದೃಶ್ಯದಲ್ಲಿ ಗಂಟೆ ಮುಗಿಯುತ್ತದೆ.

ಇನ್ನು ನಿಮ್ಮ ಕಂಬಗಳ ವಿಷಯ. ಹೋದ ವರ್ಷ ದಿನಾ "ಬನ್ನಿ, ಮೊದಲಿಂದ" ಅಂತ ಶುರು ಮಾಡಿದ್ದೀರಿ ಅಲ್ವಾ? ಮೊದಲ ದೃಶ್ಯ ಇಪ್ಪತ್ತು ಸಲ ಆಗಿರುತ್ತದೆ, ಏಳನೆಯದು ಬೆಲ್ ಹೊಡೆಯುವಾಗ ಎರಡು ಸಲ. ಅತ್ತ ಹುಡುಗಿಯದ್ದು ತಪ್ಪೇ ಅಲ್ಲ. ಈ ಸಲ ಎರಡನೇ ವಾರದ ಮಂಗಳವಾರ ಏಳು ಮತ್ತು ಆರರಿಂದ ಶುರು ಮಾಡಿ, ಹಿಂದಕ್ಕೆ ಬನ್ನಿ. ಕೊನೆ ಗೊತ್ತಿರುವ ಮಕ್ಕಳು ನಾಟಕ ಓಡಿಸುವಾಗ ಗೊತ್ತಿರುವ ಕಡೆಗೇ ಹೋಗುತ್ತಾರೆ, ಧೈರ್ಯ ಜಾಸ್ತಿ ಆಗುತ್ತದೆ.

ಹಾಲ್ ಇಲ್ಲದ ದಿನಕ್ಕೆ ಅಂಗಳ ಇದೆ. ಆದರೆ ಇಲ್ಲಿ ನಾನೇ ಒಮ್ಮೆ ಬಿದ್ದಿದ್ದೇನೆ. ಶಿರಸಿ ಕಡೆಯ ಒಂದು ಶಾಲೆಯಲ್ಲಿದ್ದಾಗ ವೆರಾಂಡದಲ್ಲೇ ಮೂರು ವಾರ ತಾಲೀಮು ಮಾಡಿಸಿದೆ. ವೆರಾಂಡದ ಅಗಲ ಎಂಟು ಅಡಿ, ಸ್ಟೇಜ್ ಇಪ್ಪತ್ತು. ನಾಟಕದ ದಿನ ಅಷ್ಟು ದೊಡ್ಡ ಸ್ಟೇಜ್‌ನ ಒಂದು ಮೂಲೆಯಲ್ಲಿ ಆರು ಮಕ್ಕಳು ಮೊಣಕೈ ತಾಗಿಸಿಕೊಂಡು ನಿಂತರು. ಅವರಿಗೆ ಗೊತ್ತಿದ್ದ ಜಗತ್ತೇ ಎಂಟು ಅಡಿ! ನಿಮ್ಮ ಪಿ.ಟಿ. ಮಾಸ್ತರರ ಹತ್ತಿರ ವಾಲಿಬಾಲ್ ಕೋರ್ಟಿಗೆ ಗೆರೆ ಹಾಕುವ ಸುಣ್ಣದ ಪುಡಿ ಇರುತ್ತದೆ. ಸ್ಟೇಜ್ ಅಳೆದು ಅದೇ ಅಳತೆಯ ಚೌಕ ಅಂಗಳದಲ್ಲಿ ಹಾಕಿಸಿ, ಎರಡೂ ಸೈಡ್ ವಿಂಗ್‌ನ ಜಾಗಕ್ಕೆ ಒಂದೊಂದು ಕಲ್ಲಿಡಿ. ಗೆರೆಯ ಹೊರಗೆ ಇದ್ದವರು ಮಾತಾಡುವ ಹಾಗಿಲ್ಲ. ಹೊರಗೆ ಬಾಯಿ ಮುಚ್ಚಿ ನಿಲ್ಲುವುದೂ ಒಂದು ತಾಲೀಮೇ.

ಮೂವರಲ್ಲಿ ಕೆಲಸ ಹಂಚುವಾಗ ಒಂದನ್ನು ಗಟ್ಟಿ ಹಿಡಿಯಿರಿ. ಎಲ್ಲಿ ನಿಲ್ಲಬೇಕು ಅಂತ ಮಗುವಿಗೆ ಹೇಳುವವರು ನೀವೊಬ್ಬರೇ. ಹೇಳಿದ್ದನ್ನು ನಿಮ್ಮ ಪ್ರತಿಯಲ್ಲಿ ಪೆನ್ಸಿಲ್‌ನಿಂದ ಬರೆದಿಡಿ, ನೀವು ರಜೆ ಹಾಕಿದ ದಿನ ಉಳಿದವರು ಅದನ್ನೇ ನೋಡಿ ನಡೆಸಲಿ. ಡ್ರಾಯಿಂಗ್ ಅಕ್ಕೋರಿಗೆ ಮಾತು ಬಾಯಿಪಾಠ ಮಾಡಿಸುವುದು, ಸಾಮಾನು. ಮಾಸ್ತರರಿಗೆ ಗುಂಪು, ಹಾಜರಿ, ಬಸ್ಸು. ಇಬ್ಬರು ಎರಡು ತರ ಹೇಳಿದರೆ ಮಗು ನಡುವೆ ನಿಲ್ಲುತ್ತದೆ, ನಿಮ್ಮಲ್ಲೂ ಮುನಿಸು ಬರುತ್ತದೆ.

ಪರೀಕ್ಷೆಯ ವಾರ ನಾಟಕದ ಸುದ್ದಿ ಬೇಡ. ಊಟದ ಹೊತ್ತಿಗೆ ಹತ್ತು ನಿಮಿಷ ಮಾತು ಒಪ್ಪಿಸಿಕೊಂಡರೆ ಸಾಕು. ಅದು ಮುಗಿದ ಸೋಮವಾರ ಪುಸ್ತಕ ಕೆಳಗಿಡುವ ದಿನ ಅಂತ ಮೊದಲ ವಾರವೇ ಹೇಳಿಟ್ಟಿರಿ. ಐದನೇ ವಾರದ ಮಂಗಳವಾರ ನಾಲ್ಕರಿಂದ ಏಳನೇ ದೃಶ್ಯ. ಶುಕ್ರವಾರ ಒಂದರಿಂದ ಏಳು, ನಡುವೆ ನಿಲ್ಲಿಸದೆ, ಗಡಿಯಾರ ನೋಡುತ್ತಾ. 35 ನಿಮಿಷದ್ದು 48 ಆದರೆ ಗಾಬರಿ ಬೇಡ. ಹೆಚ್ಚಾಗಿ ಆ ಹೊತ್ತು ಹೋಗಿರುವುದು ಮಾತಿನಲ್ಲಲ್ಲ, ದೃಶ್ಯ ದೃಶ್ಯದ ನಡುವೆ ಕುರ್ಚಿ ಎತ್ತುವುದರಲ್ಲಿ. ಯಾವ ಕುರ್ಚಿ ಯಾರು ಎತ್ತುತ್ತಾರೆ ಅಂತ ಹೆಸರು ಬರೆದರೆ ಇಳಿಯುತ್ತದೆ. ಆ ಶುಕ್ರವಾರ ಕೊನೆಯವರೆಗೆ ಬರಲಾಗದಿದ್ದರೆ ಅವತ್ತೇ ಒಂದು ದೃಶ್ಯ ಕತ್ತರಿಸಿ. ಅದರ ನಂತರ ಕತ್ತರಿಸಿದರೆ ಮಕ್ಕಳಿಗೆ ಗೊಂದಲ.

ಕೊನೆಯ ವಾರ ಮಂಗಳವಾರ ಸಾಮಾನು ಹಿಡಿದು, ಬುಧವಾರ ಡ್ರೆಸ್ ಹಾಕಿ, ಗುರುವಾರ ಮೈಕ್ ಜೊತೆ ಪೂರ್ತಿ ನಾಟಕ. ಆ ದಿನ ಗುರುಗಳನ್ನೂ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿ, ಮಾತು ಕೇಳುತ್ತದಾ ಅಂತ ಕೇಳಿ. ಶುಕ್ರವಾರ ಪೂರ್ತಿ ಆಡಿಸಬೇಡಿ, ಗಂಟಲು ಕಟ್ಟುತ್ತದೆ. ಬರುವುದು, ಹೋಗುವುದು, ಕುರ್ಚಿ ಎತ್ತುವುದು, ಇಷ್ಟು ಮಾಡಿಸಿ ಎಲ್ಲರನ್ನೂ ಮೊದಲ ಬಸ್ಸಿಗೇ ಕಳಿಸಿ.