ವೇಬ್ರಿಡ್ಜ್ ಚೀಟಿಯಲ್ಲಿ ತೂಕ ಕಮ್ಮಿ ಬಂದರೆ ಎಷ್ಟು ಹಣ ವಾಪಸ್ ಕೇಳಬೇಕು?

ಸಿದ್ದಾಪುರದಲ್ಲಿ ತುಂಬಿದ ಚೆರಿ ಕಾಫಿ ಕುಶಾಲನಗರದಲ್ಲಿ 160 ಕೆಜಿ ಕಮ್ಮಿ ಬಂತು. ಪೂರ್ತಿ ಹಣ ಕೇಳಬಹುದೇ?

ಪೂರ್ತಿ ಕೇಳುವ ಮೊದಲು ನಿವ್ವಳ ತೂಕವನ್ನಷ್ಟೇ ನೋಡದೆ, ಎರಡೂ ಚೀಟಿಗಳ ಲೋಡ್ ತೂಕ ಮತ್ತು ಖಾಲಿ ಲಾರಿಯ ತೂಕವನ್ನು ಬೇರೆಬೇರೆಯಾಗಿ ಹೋಲಿಸಬೇಕು, ಏಕೆಂದರೆ ಕೊರತೆಯ ಕಾರಣ ತಿಳಿಯುವುದು ಅಲ್ಲಿಯೇ.

ಉದಾಹರಣೆಗೆ, ಸಿದ್ದಾಪುರದ ಚೀಟಿಯಲ್ಲಿ ಲೋಡ್ 16,240, ಖಾಲಿ 6,240, ನಿವ್ವಳ 10,000 ಕೆಜಿ. ಕುಶಾಲನಗರದಲ್ಲಿ 16,180, 6,340 ಮತ್ತು 9,840 ಎಂದಿರಲಿ. ಖಾಲಿ ತೂಕದ 100 ಕೆಜಿ ವ್ಯತ್ಯಾಸವು ಟಾರ್ಪಾಲು, ಹಗ್ಗಗಳನ್ನು ಇಳಿಸಿಟ್ಟು ಖಾಲಿ ಲಾರಿ ತೂಗಿ, ಆಮೇಲೆ ಅವುಗಳನ್ನು ಹೇರಿ ಲೋಡ್ ತೂಗಿದ್ದರಿಂದ ಬಂದಿದ್ದರೆ, ಅಷ್ಟು ಕಾಫಿ ತುಂಬಿಯೇ ಇರಲಿಲ್ಲ. ಆ ಹಣ ಪೂರ್ತಿ ಮರಳಬೇಕು.

ಉಳಿದ 60 ಕೆಜಿ ತೇವದ ಇಳಿಕೆ, ಎರಡು ವೇಬ್ರಿಡ್ಜ್‌ಗಳ ಅಳತೆಯ ಅಂತರದಿಂದಲೂ ಆಗಬಹುದು. ಅರ್ಧ ಶೇಕಡಾ, ಅಂದರೆ 50 ಕೆಜಿ ಸೋಡಿ ಮೊದಲೇ ಒಪ್ಪಿದ್ದರೆ, ಒಟ್ಟು 110 ಕೆಜಿಗೆ ಬಿಲ್ಲಿನ ದರದಲ್ಲಿ ಕೇಳುವುದು ನ್ಯಾಯ. ಲಾರಿ ಇಳಿಸುವ ಮುನ್ನವೇ ಮಾರಿದವರಿಗೆ ಲೋಡ್ ತೂಕದ ಚೀಟಿಯ ಫೋಟೋ ಕಳುಹಿಸಿ.